ಮಾರ್ಚ್ 31ರ ರಾತ್ರಿ ಚಳ್ಳಕೆರೆಯಲ್ಲಿದ್ದ ಸೀರೆ ಯಾರದು?

ದಾವಣಗೆರೆಯ ಮಂಡಿಪೇಟೆ ಕಡೆಯ ಸಗಟು ಸೀರೆ ವ್ಯಾಪಾರದಲ್ಲಿ ಮಾಲು ಹೋಗುವುದು ಎರಡು ರೀತಿಯಲ್ಲಿ. ಒಂದು ಖಚಿತ ಮಾರಾಟ. ಇನ್ನೊಂದು, 'ನೋಡಿ, ಒಪ್ಪಿಗೆಯಾದ್ರೆ ಇಟ್ಕಳ್ರಿ, ಇಲ್ಲಾಂದ್ರೆ ವಾಪಸ್ ಹಾಕ್ರಿ' ಎಂದು ಕಳಿಸುವುದು. ನಾನು ಲೆಕ್ಕ ಬರೆಯುವ ಅಂಗಡಿಯಲ್ಲಿ ಇವೆರಡೂ ಕಂಪ್ಯೂಟರಿನಲ್ಲಿ ಮಾರಾಟ ಎಂದೇ ಏರುತ್ತವೆ. ಹನ್ನೊಂದು ತಿಂಗಳು ಅದರಿಂದ ಏನೂ ಕೆಡುವುದಿಲ್ಲ. ಒಪ್ಪಿಗೆ ಬಂದರೆ ನಮೂದು ಹಾಗೇ ಉಳಿಯುತ್ತದೆ, ಮಾಲು ವಾಪಸ್ ಬಂದರೆ ಮಾರಾಟ ವಾಪಸ್ ಬರೆದರಾಯಿತು. ಕೆಡುವುದು ಮಾರ್ಚ್ 31ಕ್ಕೆ. ಅವತ್ತು ಒಪ್ಪಿಗೆಯೂ ಆಗದೆ, ವಾಪಸ್ಸೂ ಬಾರದೆ ನಡುವೆ ನಿಂತ ಮಾಲಿನ ಲಾಭವನ್ನು ನಾವು ಆಗಲೇ ತಿಂದುಬಿಟ್ಟಿರುತ್ತೇವೆ.

ಈ ನಡುವಿನ ಮಾಲನ್ನು ಹೇಗೆ ಹೊರತೆಗೆಯುತ್ತೇನೆ ಎಂಬುದನ್ನು ಒಂದು ವರ್ಷದ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ, ಜಿಎಸ್‌ಟಿ ಸೇರಿಸಿಲ್ಲ. ಅಂಗಡಿ ಅಸಲಿನ ಮೇಲೆ ಶೇ. 25 ಲಾಭ ಇಟ್ಟು ಬಿಲ್ ಮಾಡುತ್ತದೆ. ಅಂದರೆ 1,000 ರೂಪಾಯಿ ಅಸಲಿನ ಸೀರೆಗೆ ಬಿಲ್ 1,250.

ತಿದ್ದುವ ಮೊದಲು ಪುಸ್ತಕ ಹೇಳುತ್ತಿದ್ದದ್ದು ಇಷ್ಟು. ಆರಂಭದ ಸರಕು ಮತ್ತು ಖರೀದಿ ಸೇರಿ 44,40,000. ಮಾರಾಟ 47,75,000. ಗೋಡೌನಿನಲ್ಲಿ ಎಣಿಸಿದ ಸರಕು ಅಸಲಿನಲ್ಲಿ 6,52,000. ಒಟ್ಟು ಲಾಭ 9,87,000. ಅಸಲಿನ ಮೇಲೆ ಶೇ. 25 ಇಟ್ಟರೆ ಮಾರಾಟದ ಮೇಲೆ ಅದು ಶೇ. 20 ಆಗಬೇಕು. ಇಲ್ಲಿ ಭಾಗಿಸಿ ನೋಡಿದರೆ 20.67. ರಿಯಾಯಿತಿ ಕೊಡುವ ಅಂಗಡಿಯಲ್ಲಿ ಈ ಅಂಕಿ 20ಕ್ಕಿಂತ ಕೆಳಗೆ ಜಾರಬಹುದು, ಮೇಲೆ ಹೋಗಲು ಕಾರಣವಿಲ್ಲ. ಹೋದರೆ ಎಲ್ಲೋ ಮಾಲು ಒಮ್ಮೆ ಮಾರಾಟವಾಗಿಯೂ ಇನ್ನೊಮ್ಮೆ ಸರಕಾಗಿಯೂ ಕೂತಿದೆ ಎಂದೇ ನನ್ನ ಮೊದಲ ಅನುಮಾನ.

ಹಾಗಾಗಿ ಒಪ್ಪಿಗೆ ಮಾಲಿನ ರಿಜಿಸ್ಟರ್ ತೆಗೆದೆ. ಇದು ಲೆಡ್ಜರಿಗೆ ಸಂಬಂಧವಿಲ್ಲದ ಒಂದು ನೋಟ್ ಪುಸ್ತಕ. ಚಲನ್ ನಂಬರ್, ಕಳಿಸಿದ ದಿನ, ಎಷ್ಟು ಸೀರೆ, ಅಸಲು, ಬಿಲ್ ಬೆಲೆ, ಎಷ್ಟು ದಿನದೊಳಗೆ ತಿಳಿಸಬೇಕು, ತಿಳಿಸಿದ ದಿನ, ವಾಪಸ್ ಬಂದ ದಿನ, ಇಷ್ಟೇ ಕಾಲಂ. ಅಸಲಿನ ಕಾಲಂ ಕಳಿಸುವ ದಿನವೇ ತುಂಬಬೇಕು. ಮಾರ್ಚ್ ಕೊನೆಯಲ್ಲಿ ಹುಡುಕಲು ಕೂತರೆ ಯಾವ ಖರೀದಿಯ ಸೀರೆ ಯಾವ ಗಂಟಿನಲ್ಲಿ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ. ಆ ವರ್ಷ ತೆರೆದೇ ಉಳಿದಿದ್ದ ಚಲನ್ ನಾಲ್ಕು, ನಾಲ್ಕರದ್ದೂ ಬೇರೆ ಬೇರೆ ಕಥೆ.

ಚಳ್ಳಕೆರೆಯ ಅಂಗಡಿಗೆ ಮಾರ್ಚ್ 10ರಂದು 30 ದಿನದ ಗಡುವಿನಲ್ಲಿ 66 ಸೀರೆ ಹೋಗಿತ್ತು, ಬಿಲ್ ಬೆಲೆ 1,250. ಅವರಿಂದ ಕಾಗದ ಬಂದಿರಲಿಲ್ಲ. ಮಾರ್ಚ್ 31ರ ಸಂಜೆ ಫೋನ್ ಮಾಡಿ, 'ಒಪ್ಪಿಗೆನಾ?' ಎಂದು ಕೇಳದೆ 'ಈಗ ಎಷ್ಟು ಪೀಸ್ ಕಪಾಟಿನಲ್ಲಿವೆ?' ಎಂದು ಕೇಳಿದೆ. ಮೊದಲಿನ ಪ್ರಶ್ನೆಗೆ ಸಿಗುವ ಉತ್ತರ 'ಇನ್ನೊಂದ್ ವಾರ ಇರ್ಲಿ ಬಿಡ್ರಿ ಸಾಹುಕಾರ್ರೆ' ಎಂಬುದಷ್ಟೇ. ಎರಡನೆಯದಕ್ಕೆ ಸಂಖ್ಯೆ ಸಿಗುತ್ತದೆ. 60 ಇವೆ, 6 ಗಿರಾಕಿಗಳಿಗೆ ಹೋಗಿವೆ ಎಂದರು. ಆ 6 ಸೀರೆಗೆ ಒಪ್ಪಿಗೆಯ ಮಾತು ಬೇಕಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಪಡೆದವನು ಒಪ್ಪಿದೆ ಎಂದು ತಿಳಿಸಿದರೂ, ತನ್ನದೇ ಮಾಲು ಎಂಬಂತೆ ನಡೆದುಕೊಂಡರೂ, ತಿರಸ್ಕರಿಸದೆ ಗಡುವು ಮೀರಿ ಇಟ್ಟುಕೊಂಡರೂ ಮಾಲಿನ ಒಡೆತನ ಅವನಿಗೆ ಹೋಗುತ್ತದೆ. ಗಿರಾಕಿಗೆ ಮಾರಿದ್ದು ಎರಡನೆಯ ಬಗೆ. ಆದ್ದರಿಂದ 6 ಮಾರಾಟವಾಗಿಯೇ ಉಳಿದವು. ಉಳಿದ 60 ಇನ್ನೂ ನಮ್ಮವು, ಬಿಲ್ಲಿನಲ್ಲಿ 75,000, ಅಸಲಿನಲ್ಲಿ 60,000.

ಹೊಸದುರ್ಗಕ್ಕೆ 2,500ರ 40 ಸೀರೆ. ಮಾರ್ಚ್ 28ಕ್ಕೆ ಅವರು 24 ಇಟ್ಟುಕೊಂಡು 16 ಬೇಡವೆಂದು ಬರೆದು ತಿಳಿಸಿದ್ದರು. ಆ 16ರ ಗಂಟು 31ಕ್ಕೆ ಲಾರಿ ಹತ್ತಿ ಏಪ್ರಿಲ್ 2ಕ್ಕೆ ನಮ್ಮ ಬಾಗಿಲಿಗೆ ಬಂತು. ಅಂದರೆ 31ರ ರಾತ್ರಿ ಅವರ ಅಂಗಡಿಯಲ್ಲೂ ಇಲ್ಲ, ನಮ್ಮ ಗೋಡೌನಿನಲ್ಲೂ ಇಲ್ಲ, ಆದರೆ ನಮ್ಮದೇ ಮಾಲು. ಬಿಲ್ 40,000, ಅಸಲು 32,000. ಇಲ್ಲಿ ಒಂದು ಎಚ್ಚರ ಬೇಕು. ಸ್ಟಾಕ್ ಎಣಿಕೆ 31ಕ್ಕೆ ಮುಗಿಯದೆ ಏಪ್ರಿಲ್ 3ರವರೆಗೆ ಎಳೆದಿದ್ದರೆ ಈ ಗಂಟು ಎಣಿಕೆಯಲ್ಲೂ ಸೇರಿ, ನನ್ನ ಪಟ್ಟಿಯಲ್ಲೂ ಸೇರಿ ಎರಡು ಸಲ ಬರುತ್ತಿತ್ತು. ಅದಕ್ಕೇ ಏಪ್ರಿಲ್ ಒಂದರಿಂದ ಒಳಬರುವ ಗಂಟನ್ನು ಎಣಿಕೆ ಮುಗಿಯುವವರೆಗೆ ಬಿಚ್ಚದೆ ಬೇರೆ ಮೂಲೆಯಲ್ಲಿ ಇಡಿಸುತ್ತೇನೆ.

ಹಿರಿಯೂರಿನದು ಜಗಳದ ಚಲನ್. 1,500ರ 30 ಸೀರೆ ಫೆಬ್ರವರಿ 5ಕ್ಕೆ 30 ದಿನದ ಗಡುವಿನಲ್ಲಿ ಹೋಗಿವೆ. ಮಾರ್ಚ್ ಮೊದಲ ವಾರಕ್ಕೇ ಗಡುವು ಮುಗಿದಿದೆ, ಮಾತಿಲ್ಲ, ಮಾಲಿಲ್ಲ. 'ನಮ್ಮವರೇ, ವಾಪಸ್ ಕಳಿಸ್ತಾರೆ, ಸ್ಟಾಕಿಗೆ ಹಾಕಿ' ಎಂದು ಅಂಗಡಿಯವರ ಆಸೆ. ನಾನು ಹಾಕಲಿಲ್ಲ. ಗಡುವು ಮೀರಿತು, ಮಾರಾಟವಾಯಿತು. ಮೇ ತಿಂಗಳಲ್ಲಿ ಅವರು ವಾಪಸ್ ಕಳಿಸಿ ನಾವು ತೆಗೆದುಕೊಂಡರೆ ಅದು ಮುಂದಿನ ವರ್ಷದ ಮಾರಾಟ ವಾಪಸ್. ಗಡುವು ಮುಗಿಯುವ ಮೊದಲೇ ಬರೆದು ವಿಸ್ತರಿಸಿದ್ದರೆ ಮಾತು ಬೇರೆ. ಲಾಭ ಕಡಿಮೆ ಕಾಣಬೇಕಾದ ವರ್ಷ ಗಡುವು ಸಡಿಲವಾಗುವುದು, ಬ್ಯಾಂಕಿಗೆ ಲೆಕ್ಕ ತೋರಿಸುವ ವರ್ಷ ಬಿಗಿಯಾಗುವುದು, ಇದನ್ನು ಆಡಿಟರ್ ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನಾಲ್ಕನೆಯದು ಜಗಳೂರು, 2,000ರ 20 ಸೀರೆ. ಇದು ಮಾರ್ಚ್ 30ಕ್ಕೇ ಗೋಡೌನಿಗೆ ಬಂದು, 31ರ ಎಣಿಕೆಯಲ್ಲಿ ಸೇರಿತ್ತು. ಆದರೆ ಹುಡುಗ ವಾಪಸ್ ಚೀಟಿಯನ್ನು ಮೇಜಿಗೆ ತಲುಪಿಸಿರಲಿಲ್ಲ. 20.67 ಎಂಬ ಅಂಕಿಯ ಹಿಂದೆ ಇದ್ದ ದೊಡ್ಡ ತಪ್ಪು ಇದೇ. 40,000 ಮಾರಾಟವೂ ಇದೆ, ಅದೇ ಮಾಲು 32,000 ಸರಕಾಗಿಯೂ ಇದೆ. ಇದಕ್ಕೆ ಮಾರಾಟವನ್ನಷ್ಟೇ ಕಳೆಯಬೇಕು, ಸರಕಿಗೆ ಏನನ್ನೂ ಕೂಡಿಸಬಾರದು.

ಇಷ್ಟು ಬೇರ್ಪಡಿಸಿದ ಮೇಲೆ ನಮೂದು ಬರೆಯಲು ಹತ್ತು ನಿಮಿಷ ಸಾಕು:

ಮಾರಾಟ ಖಾತೆ ಡೆಬಿಟ್ 1,15,000, ಚಳ್ಳಕೆರೆ ಅಂಗಡಿ ಕ್ರೆಡಿಟ್ 75,000, ಹೊಸದುರ್ಗ ಅಂಗಡಿ ಕ್ರೆಡಿಟ್ 40,000.

ಮಾರಾಟ ವಾಪಸ್ ಡೆಬಿಟ್ 40,000, ಜಗಳೂರು ಅಂಗಡಿ ಕ್ರೆಡಿಟ್ 40,000.

ಗ್ರಾಹಕರ ಬಳಿ ಇರುವ ಸರಕು ಖಾತೆ ಡೆಬಿಟ್ 92,000, ವ್ಯಾಪಾರ ಖಾತೆ ಕ್ರೆಡಿಟ್ 92,000.

ಮೊದಲ ನಮೂದು ಬಿಲ್ ಬೆಲೆಯಲ್ಲಿ, ಕೊನೆಯದು ಅಸಲಿನಲ್ಲಿ. ಎರಡೂ ಒಂದೇ ಬೆಲೆಯಲ್ಲಿ ಬರೆದರೆ ಲಾಭ ಹಾಗೇ ಉಳಿದು ತಿದ್ದಿದ್ದೇ ದಂಡವಾಗುತ್ತದೆ. ಸೀರೆ ಮಾಸಿದ್ದರೆ ಅಥವಾ ಬೆಲೆ ಬಿದ್ದಿದ್ದರೆ ಅಸಲಿಗಿಂತ ಕಡಿಮೆ ಸಿಗುವ ಬೆಲೆಗೆ ಇಳಿಸಬೇಕು. ಕಳಿಸಿದ ಲಾರಿ ಬಾಡಿಗೆಯನ್ನು ನಾನು ಸರಕಿನ ಬೆಲೆಗೆ ಸೇರಿಸುವುದಿಲ್ಲ, ಅದು ಮಾರುವ ಖರ್ಚು.

ಅಸಲು ಗೊತ್ತಿಲ್ಲದೆ ಬಿಲ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕುವವರು ಎಡವುವುದು ಶೇಕಡದಲ್ಲಿ. ಲಾಭ ಅಸಲಿನ ಮೇಲೆ ಶೇ. 25 ಇದ್ದರೆ ಬಿಲ್ಲಿನಿಂದ ಕಳೆಯಬೇಕಾದ್ದು ಐದನೇ ಒಂದು ಭಾಗ, ನಾಲ್ಕನೇ ಒಂದಲ್ಲ. 1,15,000ದಲ್ಲಿ ಶೇ. 25 ಕಳೆದರೆ 86,250 ಬರುತ್ತದೆ, ನಿಜವಾದ ಅಸಲಿಗಿಂತ 5,750 ಕಡಿಮೆ. 1,15,000ವನ್ನು 125ರಿಂದ ಭಾಗಿಸಿ 100ರಿಂದ ಗುಣಿಸಿದರೆ ನೇರ 92,000.

ತಿದ್ದಿದ ಲೆಕ್ಕ ಹೀಗೆ ಬಂತು. ಮಾರಾಟ 46,20,000. ಸರಕು 6,52,000ಕ್ಕೆ 92,000 ಸೇರಿ 7,44,000. ಒಟ್ಟು ಲಾಭ 9,24,000, ಮಾರಾಟದ ಸರಿಯಾಗಿ ಶೇ. 20. ಇಳಿದ 63,000ವನ್ನು ಬಿಡಿಸಿದರೆ ಚಳ್ಳಕೆರೆಯ ಲಾಭಾಂಶ 15,000, ಹೊಸದುರ್ಗದ್ದು 8,000, ಜಗಳೂರಿನ ಪೂರಾ 40,000. ಜಗಳೂರಿನ 32,000ವನ್ನು ಮರೆತು ಇನ್ನೊಮ್ಮೆ ಸರಕಿಗೆ ಸೇರಿಸಿದ್ದರೆ ದರ ಮತ್ತೆ 20.69ಕ್ಕೆ ಹತ್ತುತ್ತಿತ್ತು. ದರವನ್ನು ಕೊನೆಗೊಮ್ಮೆ ಮತ್ತೆ ಭಾಗಿಸಿ ನೋಡುವುದು ಅದಕ್ಕೇ.

ಬಾಕಿದಾರರೂ 8,60,000ದಿಂದ 7,05,000ಕ್ಕೆ ಇಳಿದರು. ಅಂಗಡಿ ಬಾಕಿಯ ಮೇಲೆ ಶೇ. 5 ಬಾರದ ಸಾಲಕ್ಕೆಂದು ತೆಗೆದಿಡುತ್ತದೆ. ಮೊದಲು 43,000 ತೆಗೆದಿದ್ದದ್ದು 35,250 ಆಗಬೇಕು, 7,750 ಲಾಭಕ್ಕೆ ಮರಳುತ್ತದೆ. ಹಾಗಾಗಿ 5,67,000 ಇದ್ದ ನಿವ್ವಳ ಲಾಭ 5,04,000ಕ್ಕೆ ನಿಲ್ಲದೆ 5,11,750ಕ್ಕೆ ನಿಂತಿತು. ಈ ಕೊನೆಯ ಮೆಟ್ಟಿಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಜಿಎಸ್‌ಟಿಗೆ ಬೇರೆಯೇ ಗಡಿಯಾರ. ಒಪ್ಪಿಗೆ ಮಾಲು ತೆರಿಗೆ ಬಿಲ್ ಇಲ್ಲದೆ ಡೆಲಿವರಿ ಚಲನ್ ಮೇಲೆ ಹೋಗಬಹುದು. ಒಪ್ಪಿಗೆಯಾದಾಗ ಅಥವಾ ಕಳಿಸಿದ ದಿನದಿಂದ 6 ತಿಂಗಳಿಗೆ, ಯಾವುದು ಮೊದಲೋ ಆಗ, ಬಿಲ್ ಮಾಡಲೇಬೇಕು. ರಿಜಿಸ್ಟರಿನಲ್ಲಿ ಐದನೇ ತಿಂಗಳ ದಿನಾಂಕಕ್ಕೆ ಕೆಂಪು ಗುರುತು ಹಾಕಿಡುತ್ತೇನೆ.

ಏಪ್ರಿಲ್ 1ಕ್ಕೆ ಮಾರಾಟದ ನಮೂದನ್ನು ತಿರುಗಿಸಿ, ಚಳ್ಳಕೆರೆಯವರನ್ನು ಮತ್ತೆ 75,000ಕ್ಕೆ ಡೆಬಿಟ್ ಮಾಡುತ್ತೇನೆ. ಹೊಸದುರ್ಗದ 40,000ವನ್ನು ತಿರುಗಿಸುವುದಿಲ್ಲ. ಅವರು ಬೇಡವೆಂದಾಗಿದೆ, 2ನೇ ತಾರೀಕು ಗಂಟು ಬಂದಾಗ 32,000ದ ಸರಕು ಗ್ರಾಹಕರ ಬಳಿಯಿಂದ ಗೋಡೌನಿಗೆ ಸ್ಥಳ ಬದಲಿಸುತ್ತದೆ, ಅಷ್ಟೇ. ಚಳ್ಳಕೆರೆಯವರು 60ರಲ್ಲಿ 50 ಇಟ್ಟುಕೊಂಡು 10 ಕಳಿಸಿದರೆ 12,500 ಮಾರಾಟ ವಾಪಸ್ ಬರೆದು ಆ ಚಲನ್ ಮುಚ್ಚುತ್ತೇನೆ. ಆರಂಭದ ಸರಕು ಮಾತ್ರ 7,44,000 ಎಂದೇ ಹೋಗಬೇಕು. ಗೋಡೌನಿನ 6,52,000ವನ್ನಷ್ಟೇ ಎತ್ತಿ ಬರೆದರೆ ಹೊಸ ವರ್ಷದ ಲಾಭ ಮೊದಲ ದಿನವೇ 92,000 ಉಬ್ಬಿರುತ್ತದೆ.