ಅಜ್ಜ ಹುಟ್ಟಿದ ದಿನಕ್ಕೆ ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಬರೆಯೋದು ಹೇಗೆ?

ನಾನು ಮೊದಲ ಸಲ ಬರೆದಾಗ ಎಂತ ಆಯ್ತು ಅಂತ ಹೇಳಿಬಿಡ್ತೇನೆ. ಅಜ್ಜ ಹೋಗಿ ಒಂದು ವರ್ಷ ಆಗಿರ್ಲಿಲ್ಲ, ಜೂನ್ ಒಂದಕ್ಕೆ ಬೆಳಿಗ್ಗೆ ಐದೂವರೆಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಅವರ ಮಾಲೆ ಹಾಕಿದ ಫೋಟೊ ಹಾಕಿ ಕೆಳಗೆ "ಪ್ರೀತಿಯ ಅಜ್ಜನಿಗೆ ನಮನಗಳು" ಅಂತ ಬರೆದೆ. ಗ್ರೂಪಲ್ಲಿ ನಲ್ವತ್ತಾರು ಜನ. ದುಬಾಯಿಲಿರೋ ಭಾವ ಅರ್ಧ ನಿದ್ದೆಲಿ ಫೋಟೊ ನೋಡಿ ಯಾರೋ ಹೋದ್ರು ಅಂತ ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಿದ, ದೂರದ ಸಂಬಂಧದ ಇಬ್ರು "ಓಂ ಶಾಂತಿ" ಹಾಕಿದ್ರು, ಆಮೇಲೆ ಬಂದವರೆಲ್ಲ ಅದನ್ನು ನೋಡಿ ತಾವೂ ಅದನ್ನೇ ಹಾಕಿದ್ರು. ಮಧ್ಯಾಹ್ನ ಅಜ್ಜಿ ಫೋನಲ್ಲಿ ಒಂದೇ ಮಾತು ಹೇಳಿದ್ದು, "ಅವರು ಹುಟ್ಟಿದ್ದು ಜೂನಲ್ಲಿ ಅಂತ ನಿಂಗೆ ಯಾರು ಹೇಳಿದ್ದು ಮಾರಾಯ?"

ಅಂದ್ರೆ ದಿನವೂ ತಪ್ಪು, ಫೋಟೊವೂ ತಪ್ಪು, ಮೊದಲ ಸಾಲೂ ತಪ್ಪು. ಹೋದ ವರ್ಷ, 2025ರಲ್ಲಿ, ಸರಿ ಮಾಡಿ ಬರೆದೆ. ಅದೇ ಕ್ರಮದಲ್ಲಿ ಹೇಳ್ತೇನೆ.

ಮೊದಲು ದಿನ ಯಾವ್ದು ಅಂತ ಗಟ್ಟಿ ಮಾಡ್ಕೊಳ್ಳಿ

ಕಾಸರಗೋಡು ಕಡೆಯ ಹಳೇ ತಲೆಗಳಿಗೆ ಸಾಧಾರಣ ಎರಡು ಹುಟ್ಟಿದ ದಿನ ಇರ್ತದೆ. ಒಂದು ಸ್ಕೂಲ್ ಸರ್ಟಿಫಿಕೇಟಿಂದು, ಅದೇ ಆಧಾರಿಗೂ ಪೆನ್ಷನ್ನಿಗೂ ಹೋಗಿರ್ತದೆ. ಶಾಲೆಗೆ ಸೇರಿಸ್ಲಿಕ್ಕೆ ಹೋದಾಗ ಮೇಷ್ಟ್ರು ವಯಸ್ಸು ಲೆಕ್ಕ ಹಾಕಿ ಹಾಕಿದ ತಾರೀಕು ಅದು, ಹಾಗಾಗಿ ಜೂನ್ ಒಂದು ಅಂತ ಕಂಡ್ರೆ ಅರ್ಧಕ್ಕರ್ಧ ಸಂಶಯ ಇಟ್ಕೊಳ್ಳಿ. ಇನ್ನೊಂದು ಜಾತಕದ್ದು, ಅದರಲ್ಲಿ ಇಂಗ್ಲಿಷ್ ತಾರೀಕು ಇಲ್ಲದೆಯೂ ಇರ್ಬಹುದು, ಸಂವತ್ಸರ, ಸೌರಮಾಸ, ನಕ್ಷತ್ರ ಇಷ್ಟೇ.

ನಮ್ಮ ಅಜ್ಜಂದು ಸರ್ಟಿಫಿಕೇಟಲ್ಲಿ 1-6-1936, ಜಿಲ್ಲೆ ಸೌತ್ ಕೆನರಾ (ಆಗ ನಾವು ಮದ್ರಾಸ್ ಪ್ರಾಂತ್ಯ, ಕೇರಳಕ್ಕೆ ಸೇರಿದ್ದು 1956 ನವೆಂಬರ್ ಒಂದಕ್ಕೆ, ಕಾಸರಗೋಡು ಜಿಲ್ಲೆ ಅಂತ ಆದದ್ದು 1984ರಲ್ಲಿ, ಅಜ್ಜ ಮನೆ ಬಿಟ್ಟು ಅಲ್ಲಾಡದೆ ವಿಳಾಸ ಮಾತ್ರ ಬದಲಾಗ್ತಾ ಹೋಯ್ತು). ಜಾತಕ ಪೆಟ್ಟಿಗೆಯಿಂದ ತೆಗೆದು ನೋಡಿದ್ರೆ ಈಶ್ವರ ಸಂವತ್ಸರ, ಸಿಂಹ ಮಾಸ, ಸ್ವಾತಿ ನಕ್ಷತ್ರ, ಪಕ್ಕದಲ್ಲಿ ಮಲಯಾಳಂ ಪಂಚಾಂಗದ ಕೊಲ್ಲಂ ವರ್ಷ 1113. ಕೊಲ್ಲಂ ವರ್ಷ ನಮ್ಮ ಸಿಂಹ ಮಾಸಕ್ಕೇ ಶುರುವಾಗೋದು, ಇಂಗ್ಲಿಷ್ ವರ್ಷ ಬೇಕಾದ್ರೆ ಸಿಂಹದಿಂದ ಡಿಸೆಂಬರ್ ಕೊನೆವರೆಗಿನದ್ದಕ್ಕೆ 824 ಕೂಡಿಸಿ, ಜನವರಿಯಿಂದ ಆಚೆಯದ್ದಾದ್ರೆ 825. ಇಲ್ಲಿ 1113ಕ್ಕೆ 824 ಕೂಡಿಸಿದ್ರೆ 1937. ಈಶ್ವರ ಸಂವತ್ಸರವೂ 1937ರ ಯುಗಾದಿಗೇ ಶುರುವಾದದ್ದು, ಎರಡೂ ತಾಳೆ ಆಯ್ತು. ಅಂದ್ರೆ ಶಾಲೆಯಲ್ಲಿ ಅಜ್ಜನಿಗೆ ಒಂದು ವರ್ಷದ ಮೇಲೆ ಎರಡು ಮೂರು ತಿಂಗಳು ಜಾಸ್ತಿ ಹಾಕಿದ್ದಾರೆ.

ಇನ್ನು ಈ ವರ್ಷ ಯಾವ ದಿನ ಅಂತ ನೋಡ್ಲಿಕ್ಕೆ ಸೌರಮಾನ ಪಂಚಾಂಗ ತೆಗೀರಿ, ಸಿಂಹ ಮಾಸದಲ್ಲಿ, ಅಂದ್ರೆ ಆಗಸ್ಟ್ ಮಧ್ಯದಿಂದ ಸಪ್ಟೆಂಬರ್ ಮಧ್ಯದವರೆಗೆ, ಸ್ವಾತಿ ಎಲ್ಲಿ ಬರ್ತದೆ ನೋಡಿ. ನಮ್ಮಲ್ಲಿ ಮಲಯಾಳಂ ಮೀಡಿಯಮ್ಮಲ್ಲಿ ಓದಿದ ಮಕ್ಕಳಿಗೆ ಪಂಚಾಂಗವೇ ಬೇಡ, ಓಣಂ ಹೂವಿನ ಲೆಕ್ಕದ ಅತ್ತಂ, ಚಿತ್ತಿರ, ಚೋದಿ ಉಂಟಲ್ಲ, ಆ ಚೋದಿಯೇ ಸ್ವಾತಿ. 2025ರಲ್ಲಿ ಅದು ಆಗಸ್ಟ್ ಕೊನೆಯ ವಾರ ಬಂತು. ಒಂದೇ ತೊಂದರೆ ಎಂತ ಅಂದ್ರೆ ಚಂದ್ರನಿಗೆ ನಕ್ಷತ್ರಗಳ ಸುತ್ತು ಮುಗಿಸ್ಲಿಕ್ಕೆ ಇಪ್ಪತ್ತೇಳು ದಿನ ಚಿಲ್ಲರೆ ಸಾಕು, ಸಿಂಹ ಮಾಸಕ್ಕೆ ಮೂವತ್ತೊಂದು ದಿನ. ಹಾಗಾಗಿ ಓಣಂ ಬೇಗ ಬಂದ ವರ್ಷ ಸ್ವಾತಿ ತಿಂಗಳ ಸುರುವಿಗೊಮ್ಮೆ ಕೊನೆಗೊಮ್ಮೆ ಎರಡು ಸಲ ಬರ್ಬಹುದು. ನಮ್ಮ ಮನೇಲಿ ಎರಡನೆದನ್ನ ಹಿಡಿಯೋದು, ನಿಮ್ಮಲ್ಲಿ ಹೇಗೆ ಅಂತ ಹಿರಿಯರತ್ರ ಕೇಳಿ. ಮತ್ತೆ ಇದನ್ನು ತಿಥಿ ಜೊತೆ ಕಲಸ್ಬೇಡಿ, ಶ್ರಾದ್ಧ ಮಾಡೋದು ತೀರಿಕೊಂಡ ತಿಥಿಗೆ, ಇದು ಬೇರೆಯೇ ದಿನ.

ಜಾತಕವೇ ಇಲ್ಲದಿದ್ರೆ? ಆಗ ಸರ್ಟಿಫಿಕೇಟ್ ದಿನಕ್ಕೇ ಹಾಕಿ, ಆದ್ರೆ "ದಾಖಲೆ ಪ್ರಕಾರ" ಅಂತ ಒಂದು ಶಬ್ದ ಸೇರಿಸಿ. ಇಲ್ಲದಿದ್ರೆ ಗ್ರೂಪಲ್ಲಿ ಅಜ್ಜನ ನೆನಪು ಬಿಟ್ಟು ತಾರೀಕಿನ ಚರ್ಚೆ ಸಾಯಂಕಾಲದವರೆಗೆ ನಡೀತದೆ.

ಒಂದು ವಾರ ಮೊದಲು ಅಜ್ಜಿಗೆ ಫೋನ್ ಮಾಡಿ

ಎರಡು ಕಾರಣಕ್ಕೆ. ಒಂದು, ಅವರಿಗೆ ಗೊತ್ತಿಲ್ಲದೆ ಬೆಳಿಗ್ಗೆ ಮೊಬೈಲಲ್ಲಿ ಗಂಡನ ಮುಖ ಒಮ್ಮೆಲೇ ಬಂದ್ರೆ ಅದು ಒಳ್ಳೇದಲ್ಲ. ಎರಡು, ವಿಷಯ ಸಿಗೋದು ಅಲ್ಲಿಂದಲೇ. ಆದ್ರೆ "ಅಜ್ಜ ಹೇಗಿದ್ರು" ಅಂತ ಕೇಳ್ಬೇಡಿ, "ಭಾರಿ ಒಳ್ಳೆ ಜನ" ಅಂತ ಬರ್ತದೆ, ಅದರಲ್ಲಿ ಬರೀಲಿಕ್ಕೆ ಏನೂ ಇಲ್ಲ. ಅಜ್ಜ ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗ್ತಿದ್ರು, ಯಾವ್ದಕ್ಕೆ ಸಿಟ್ಟು ಬರ್ತಿತ್ತು, ಪೇಟೆಯಿಂದ ಬರುವಾಗ ಚೀಲದಲ್ಲಿ ಎಂತ ಇರ್ತಿತ್ತು, ಹೀಗೆ ಕೇಳಿ. ನಾನು ಕೇಳಿದ್ದು "ಅಡಿಕೆ ಒಣಗಿದ್ದು ಅಜ್ಜನಿಗೆ ಹೇಗೆ ಗೊತ್ತಾಗ್ತಿತ್ತು" ಅಂತ.

ಅಡಿಕೆ ತೋಟದ ಮನೆಯವರಿಗೆ ಹೇಳ್ಬೇಕಾಗಿಲ್ಲ, ಚಾಲಿ ಆಗ್ಬೇಕಾದ್ರೆ ಹಣ್ಣಡಿಕೆ ಅಂಗಳದಲ್ಲಿ ಹತ್ತಿರ ಹತ್ತಿರ ನಲ್ವತ್ತು ನಲ್ವತ್ತೈದು ಬಿಸಿಲು ತಿನ್ಬೇಕು. ಅಜ್ಜ ಕಾಲಲ್ಲೇ ಸಾಲು ಎಳೆದು ತಿರುಗಿಸ್ತಾ ಹೋಗಿ, ನಡುವೆ ಒಂದು ಅಡಿಕೆ ಹೆಕ್ಕಿ, ಕಿವಿ ಹತ್ರ ಹಿಡಿದು ಆಡಿಸೋರು. ಒಣಗಿದ್ರೆ ಸಿಪ್ಪೆಯ ಒಳಗೆ ಗೋಟು ಬಿಟ್ಟು ಕಟಕಟ ಅಂತದೆ. ಇಲ್ಲದಿದ್ರೆ "ಇನ್ನೊಂದು ಬೆಶಿಲು ಬೇಕು" ಅಂತ ಅದೇ ಜಾಗಕ್ಕೆ ವಾಪಸ್ ಹಾಕೋರು, ಬಿಸಾಡ್ತಿರ್ಲಿಲ್ಲ, ಬಗ್ಗಿ ಇಡ್ತಿದ್ರು.

ಇಷ್ಟು ಸಿಕ್ಕಿದ್ರೆ ಮೆಸೇಜಿಗೆ ಸಾಕು. ಇದರ ಜೊತೆಗೆ ಅಜ್ಜನ ತಾಳಮದ್ದಳೆ ಹುಚ್ಚು, ಸುರಂಗ ತೋಡಿಸಿದ್ದು, ಸೊಸೈಟಿ ಇಲೆಕ್ಷನ್ನಿಗೆ ನಿಂತದ್ದು ಎಲ್ಲ ತುಂಬಿಸಿದ್ರೆ ಅದು ಶ್ರದ್ಧಾಂಜಲಿ ಸಭೆಯ ಭಾಷಣ ಆಗ್ತದೆ. ಅವನ್ನೆಲ್ಲ ಮುಂದಿನ ವರ್ಷಗಳಿಗೆ ಇಡಿ.

ಫೋಟೊ

ಮಾಲೆ, ಕುಂಕುಮ ಇರೋದು ಬೇಡವೇ ಬೇಡ, ಅದು ಸಾವಿನ ಸುದ್ದಿಯ ಫೋಟೊ. ಅಂಗಳದಲ್ಲಿ ನಿಂತದ್ದೋ, ಯಾರದೋ ಮದುವೇಲಿ ಬಾಳೆ ಎಲೆ ಮುಂದೆ ಕೂತದ್ದೋ ಹುಡುಕಿ. ಆಲ್ಬಮ್ಮಿಂದ ಮೊಬೈಲಲ್ಲಿ ತೆಗೆಯೋದಾದ್ರೆ ಫ್ಲಾಶ್ ಆಫ್ ಮಾಡಿ, ಕಿಟಕಿ ಹತ್ರ ನೇರ ಬಿಸಿಲು ಬೀಳದ ಜಾಗದಲ್ಲಿ ಫೋಟೊ ಮಲಗಿಸಿ, ಮೊಬೈಲನ್ನು ಸರಿಯಾಗಿ ಅದರ ಮೇಲೆ ಹಿಡಿದು ತೆಗೀರಿ. ನಿಮ್ಮದೇ ತಲೆಯ ನೆರಳು ಬೀಳ್ತದೆ, ಸ್ವಲ್ಪ ಪಕ್ಕಕ್ಕೆ ಸರೀರಿ. ಗಾಜಿನ ಫ್ರೇಮಲ್ಲಿದ್ರೆ ಹಿಂದಿನ ಮೊಳೆ ತೆಗೆದು ಹೊರಗೆ ತೆಗೀಬಹುದು, ಆದ್ರೆ ನಮ್ಮ ಮಳೆಗೆ ಹಳೇ ಫೋಟೊ ಗಾಜಿಗೆ ಅಂಟಿರ್ತದೆ, ಹಾಗೇನಾದ್ರೂ ಆಗಿದ್ರೆ ಎಳೀಲಿಕ್ಕೆ ಹೋಗ್ಬೇಡಿ, ಮುಖದ ಬಣ್ಣವೇ ಗಾಜಲ್ಲಿ ಉಳೀತದೆ. ಗಾಜಿನ ಮೇಲಿಂದಲೇ ತೆಗೀರಿ. ಕಳಿಸುವಾಗ ಮೇಲಿನ HD ಒತ್ತಿ ಕಳಿಸಿ, ಇಲ್ಲದಿದ್ರೆ ವಾಟ್ಸಾಪ್ ಅದನ್ನು ಸಣ್ಣ ಮಾಡಿ ಮುಖ ಮಸುಕಾಗ್ತದೆ.

ಈಗ ಬರೆಯೋದು

ಮೊದಲ ಸಾಲಿಗೆ ಜಾಸ್ತಿ ತಲೆ ಕೊಡಿ. ಲಾಕ್ ಆಗಿರೋ ಮೊಬೈಲಲ್ಲಿ ನೋಟಿಫಿಕೇಷನ್ ಬಂದಾಗ ಕಾಣೋದು ಮೊದಲ ಕೆಲವು ಶಬ್ದ ಮಾತ್ರ. ಅದರಲ್ಲೇ "ಹುಟ್ಟಿದ ದಿನ" ಅಂತ ಬರ್ಬೇಕು, ಅಜ್ಜ ಹೋದದ್ದು ಹಳೇ ವಿಷಯ ಅಂತ ಅದರ ಹಿಂದೆಯೇ ಬರ್ಬೇಕು. "ಹುಟ್ಟುಹಬ್ಬದ ಶುಭಾಶಯ" ಅಂತ ನೇರ ಅಜ್ಜನಿಗೆ ಹೇಳೋದು ನಂಗೆ ಸರಿ ಕಾಣೋದಿಲ್ಲ, ಕೇಕಿನ ಇಮೋಜಿ ಅಂತೂ ಬೇಡ. ಹಾಗೇ "ದಿವಂಗತ ಶ್ರೀಯುತ" ಅಂತಲೂ ಬೇಡ, ಮನೆಯವರಿಗೆ ಬರೆಯೋದಲ್ವಾ. ನೀವು ಮೊಮ್ಮಗ ಆದ್ರೆ ಅಜ್ಜ ಅಂತಲೇ ಬರೀರಿ, ಗ್ರೂಪಲ್ಲಿ ಅವರು ಒಬ್ಬರಿಗೆ ಅಪ್ಪ, ಒಬ್ಬರಿಗೆ ಭಾವ, ಒಬ್ಬರಿಗೆ ದೊಡ್ಡಪ್ಪ, ಎಲ್ರಿಗೂ ಹೊಂದಿಸ್ಲಿಕ್ಕೆ ಹೋದ್ರೆ ಯಾರ ಮಾತೂ ಆಗೋದಿಲ್ಲ.

ಅವರ ಮಾತೊಂದು ಇದ್ರೆ ಅವರು ಆಡಿದ ಹಾಗೇ ಇಡಿ, ನಮ್ಮಲ್ಲಿ ಹವ್ಯಕ, ಇನ್ನೊಬ್ಬರಲ್ಲಿ ತುಳು ಇರ್ಬಹುದು. ನಾನು "ಬೆಶಿಲು" ಅನ್ನೋದನ್ನು ಬಿಸಿಲು ಅಂತ ತಿದ್ದಿ ಟೈಪ್ ಮಾಡಿ ನೋಡಿದೆ, ಅಜ್ಜನೇ ಅಲ್ಲ ಅಂತ ಕಂಡಿತು, ವಾಪಸ್ ಹಾಕಿದೆ. ಕೊನೆಗೆ ಒಂದು ಪ್ರಶ್ನೆ ಇಡಿ, ಉತ್ತರ ಹೇಳ್ಲಿಕ್ಕೆ ಆಗುವಂಥದ್ದು. ಇಲ್ಲದಿದ್ರೆ ನಲ್ವತ್ತಾರು ಕೈಮುಗಿಯೋ ಇಮೋಜಿ ಬಂದು ಮುಗೀತದೆ. ನಾನು ಕಳಿಸಿದ್ದು ಇದು:

"ಇವತ್ತು ಅಜ್ಜ ಹುಟ್ಟಿದ ದಿನ, ಸಿಂಹ ಮಾಸದ ಸ್ವಾತಿ. ಹೋಗಿ ಮೂರು ವರ್ಷ ಆಯ್ತು, ಇದ್ದಿದ್ರೆ 88 ತುಂಬ್ತಿತ್ತು. ಚಾಲಿ ಒಣಗುವಾಗ ಅಜ್ಜ ಒಂದು ಅಡಿಕೆ ಹೆಕ್ಕಿ ಕಿವಿ ಹತ್ರ ಆಡಿಸಿ, ಸದ್ದು ಬಾರದಿದ್ರೆ 'ಇನ್ನೊಂದು ಬೆಶಿಲು ಬೇಕು' ಅಂತ ಬಗ್ಗಿ ಅಲ್ಲೇ ಇಡ್ತಿದ್ರು. ನಂಗೂ ಒಮ್ಮೆ ಕೊಟ್ಟು ಕೇಳು ಅಂದಿದ್ರು, ನಂಗೆ ಎರಡೂ ಒಂದೇ ಹಾಗೆ ಕೇಳಿತ್ತು. ನಿಮ್ಮಲ್ಲಿ ಯಾರ ಕೈಗೆಲ್ಲ ಕೊಟ್ಟಿದ್ರು?"

ಇದಕ್ಕಿಂತ ತುಂಬ ಉದ್ದ ಆದ್ರೆ ಕೆಳಗಿನದ್ದು ಮಡಚಿ ಹೋಗ್ತದೆ, ಬಿಡಿಸಿ ಓದೋರು ಕಮ್ಮಿ.

ಕಳಿಸೋದು

ಬೆಳಿಗ್ಗೆ ಎಂಟೂವರೆ ಒಳ್ಳೆ ಹೊತ್ತು, ದುಬಾಯಿಲಿ ಆಗ ಏಳು. ಕನ್ನಡ ಓದ್ಲಿಕ್ಕೆ ಬಾರದ ಮಕ್ಕಳು ಎಲ್ಲ ಮನೇಲೂ ಇದ್ದಾರೆ ಈಗ, ಒಬ್ಬ ಮಲಯಾಳಂ ಮಾತ್ರ ಓದ್ತಾನೆ, ಬೆಂಗಳೂರಿನವ್ಳು ಇಂಗ್ಲಿಷ್ ಮಾತ್ರ, ಆದ್ರೆ ಮಾತಾಡಿದ್ರೆ ಇಬ್ರಿಗೂ ಅರ್ಥ ಆಗ್ತದೆ. ಅದಕ್ಕೆ ಬರೆದದ್ದನ್ನೇ ಓದಿ ಒಂದು ವಾಯ್ಸ್ ಮೆಸೇಜ್ ಹಿಂದೆಯೇ ಹಾಕಿ, ಒಂದು ನಿಮಿಷದೊಳಗೆ. ಅಜ್ಜಿಗೂ ಅದೇ ಸುಲಭ. ಗ್ರೂಪಲ್ಲಿ Disappearing messages ಆನ್ ಇದ್ರೆ ಬಂದ ಉತ್ತರಗಳನ್ನು ಅವತ್ತೇ ಒಂದು ಪುಸ್ತಕಕ್ಕೆ ಬರೆದಿಟ್ಕೊಳ್ಳಿ.

ನಮ್ಗೆ ಹನ್ನೊಂದು ಉತ್ತರ ಬಂತು. ಸೋದರತ್ತೆ ಅವರ ಮದುವೆಗೆ ಹಿಂದಿನ ದಿನವೂ ಅಪ್ಪ ಅಂಗಳದಲ್ಲೇ ಇದ್ದದ್ದು ಬರೆದ್ರು, ದುಬಾಯಿ ಭಾವ ತನ್ನ ಕೈಗೆ ಕೊಟ್ಟದ್ದು ಅಡಿಕೆ ಅಲ್ಲ, ಬೈಗುಳ ಅಂತ ಹಾಕಿದ. ಅಜ್ಜಿ ಏನೂ ಹಾಕ್ಲಿಲ್ಲ, ರಾತ್ರಿ ಫೋನ್ ಮಾಡಿದ್ರು. ಬರೆದದ್ದು ಸರಿ ಉಂಟು, ಒಂದು ಮಾತ್ರ ತಪ್ಪು ಅಂದ್ರು. ಕೊನೆಯ ಏಳೆಂಟು ವರ್ಷ ಅಜ್ಜನಿಗೆ ಆ ಸದ್ದು ಕೇಳ್ತಲೇ ಇರ್ಲಿಲ್ವಂತೆ. ಕಿವಿ ಹತ್ರ ಆಡಿಸಿ ಜಗಲಿಲಿ ಕೂತ ಅಜ್ಜಿಯ ಮುಖ ನೋಡ್ತಿದ್ರಂತೆ, ಇವರು ತಲೆ ಆಡಿಸಿದ್ರೆ ಆಯ್ತು, ಸುಮ್ಮನೆ ಕೂತ್ರೆ ಇನ್ನೊಂದು ಬೆಶಿಲು.