ಮಗು ವಾರ್ಡಿನಲ್ಲಿದ್ದಾಗ ರಜೆ ಕೇಳುವುದು: ಡೆಂಗಿಯ ಆರು ದಿನದ ಲೆಕ್ಕ

ಡೆಂಗಿ ಆದ ಮಗುವನ್ನು ಅಡ್ಮಿಟ್ ಮಾಡಿದ ದಿನ "ಸರ್, ಮಗಳಿಗೆ ಹುಷಾರಿಲ್ಲ, ಎರಡು ದಿನ ರಜೆ ಬೇಕು" ಎಂದು ಮೆಸೇಜ್ ಹಾಕುವವರೇ ಹೆಚ್ಚು. ಎರಡು ದಿನ ಎನ್ನುವುದು ಸಂಕೋಚದ ಲೆಕ್ಕ, ಕಾಯಿಲೆಯ ಲೆಕ್ಕವಲ್ಲ. ಮೂರನೇ ದಿನ ಇನ್ನೆರಡು ದಿನ, ಐದನೇ ದಿನ ಮತ್ತೊಂದು ದಿನ ಎಂದು ಕೇಳುತ್ತಾ ಹೋದರೆ, ಎಷ್ಟೇ ಒಳ್ಳೆಯ ಮ್ಯಾನೇಜರ್ ಆದರೂ ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ನಮ್ಮ ಜಾಗಕ್ಕೆ ಯಾರನ್ನಾದರೂ ಕೂರಿಸಬೇಕಾಗಿರುತ್ತದೆ. ಒಂದು ವಾರಕ್ಕಾದರೆ ಒಬ್ಬರನ್ನು ಗೊತ್ತು ಮಾಡಬಹುದು, ದಿನಕ್ಕೊಂದು ಏರ್ಪಾಡು ಮಾಡುವುದು ಕಷ್ಟ.

ಡೆಂಗಿಯಲ್ಲಿ ದಿನ ಎಣಿಸಬೇಕಾದದ್ದು ಅಡ್ಮಿಟ್ ಆದ ದಿನದಿಂದಲ್ಲ, ಜ್ವರ ಶುರುವಾದ ದಿನದಿಂದ. ಜ್ವರ ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಇಳಿಯುತ್ತದೆ. ನಿಜವಾದ ಅಪಾಯದ ಹೊತ್ತು ಶುರುವಾಗುವುದು ಆಮೇಲೆ. ಜ್ವರ ಬಿಡುವ ಸುಮಾರಿಗೆ ರಕ್ತನಾಳದಿಂದ ನೀರಿನಂಶ ಸೋರತೊಡಗಬಹುದು. ಆ 24ರಿಂದ 48 ಗಂಟೆ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಆಫೀಸಿನವರಿಗಿರಲಿ, ಮನೆಯವರಿಗೂ ಇದು ತಲೆಗೆ ಹೋಗುವುದು ನಿಧಾನ. "ಜ್ವರ ಬಿಟ್ಟಿತಲ್ಲಮ್ಮ, ಇನ್ನೇನು, ನಾಳೆ ಬಂದುಬಿಡು" ಎಂಬ ಮಾತು ಬರುವುದು ಸರಿಯಾಗಿ ಆ ಹೊತ್ತಿಗೇ. ಆದ್ದರಿಂದ ರಜೆ ಕೇಳುವ ಮೊದಲ ಮೆಸೇಜಿನಲ್ಲೇ ಈ ಒಂದು ವಿಷಯ ಇರಬೇಕು.

ನನ್ನ ಮಗಳು ಡೆಂಗಿಯಿಂದ ಅಡ್ಮಿಟ್ ಆದ ದಿನದ ರೌಂಡ್ಸಿನಲ್ಲಿ ನಾನು ಡಾಕ್ಟರನ್ನು ಕೇಳಿದ್ದು ಮೂರೇ ಪ್ರಶ್ನೆ. ಇವತ್ತು ಜ್ವರದ ಎಷ್ಟನೇ ದಿನ? ಜ್ವರ ಬಿಟ್ಟ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ದಿನಾ ರೌಂಡ್ಸ್ ಎಷ್ಟು ಹೊತ್ತಿಗೆ, ರಕ್ತದ ರಿಪೋರ್ಟ್ ಎಷ್ಟು ಹೊತ್ತಿಗೆ? "ಯಾವಾಗ ಡಿಸ್ಚಾರ್ಜ್ ಮಾಡ್ತೀರಿ ಡಾಕ್ಟ್ರೇ" ಎಂದರೆ "ನೋಡೋಣಮ್ಮ" ಎಂಬ ಉತ್ತರ ಬರುತ್ತದೆ, ಅದರಿಂದ ರಜೆಯ ಲೆಕ್ಕ ಹಾಕಲಾಗದು. ಈ ಮೂರಕ್ಕೆ ಉತ್ತರ ಸಿಕ್ಕರೆ ಸಾಕು, ಲೆಕ್ಕ ನಾವೇ ಹಾಕಬಹುದು. ಜ್ವರ ಶುರುವಾದದ್ದು 4ನೇ ತಾರೀಕು ಶುಕ್ರವಾರ. ಅಡ್ಮಿಟ್ ಆದದ್ದು 7, ಸೋಮವಾರ, ಅಂದರೆ ನಾಲ್ಕನೇ ದಿನ. ಏಳನೇ ದಿನವಾದ 10ರೊಳಗೆ ಜ್ವರ ಬಿಡಬಹುದು ಎಂದಿಟ್ಟುಕೊಂಡು ಅದಕ್ಕೆ ಎರಡು ದಿನ ಸೇರಿಸಿದರೆ 12, ಶನಿವಾರ. ಕೇಳಬೇಕಾದದ್ದು ಆರು ದಿನ. ಬೇಗ ಬಿಟ್ಟರೆ ಬೇಗ ಹೋದರಾಯಿತು. ರಜೆ ಉಳಿಸಿ ಬಂದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ, ಮೆಣಸು ವ್ಯಾಪಾರದ ಕಚೇರಿ, ನನ್ನದು ಲೆಕ್ಕಪತ್ರದ ಕೆಲಸ. ಆಸ್ಪತ್ರೆ ಹಾಸನದಲ್ಲಿ. ಬೇಲೂರು ಮೇಲೆ ಸುಮಾರು 60 ಕಿಲೋಮೀಟರ್. ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. "ಅರ್ಧ ದಿನ ಬಂದು ಹೋಗು" ಎಂಬ ಸಲಹೆಗೆ ಅವಕಾಶವಿಲ್ಲ ಎನ್ನುವುದನ್ನೂ, ತಾಯಿಯೇ ಯಾಕೆ ಇರಬೇಕು ಎನ್ನುವುದನ್ನೂ ಅವರು ಕೇಳುವ ಮೊದಲೇ ಒಂದೊಂದು ವಾಕ್ಯದಲ್ಲಿ ಹೇಳಿಬಿಡುವುದು ಒಳ್ಳೆಯದು. ಮೊದಲು ಫೋನ್ ಮಾಡಿ ಎರಡು ನಿಮಿಷದಲ್ಲಿ ವಿಷಯ ತಿಳಿಸಿ, ಕೂಡಲೇ ಬರಹದಲ್ಲಿ ಕಳಿಸಬೇಕು. ಬರೀ ಫೋನ್ ಆದರೆ ಹಾಜರಿ ಬರೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಬರೀ ಮೆಸೇಜ್ ಆದರೆ ನಮ್ಮ ಕಡೆ ಮರ್ಯಾದೆ ಕಡಿಮೆ ಎನ್ನಿಸುತ್ತದೆ. ನಾನು ಕಳಿಸಿದ್ದು ಇದು:

"ಸರ್ ನಮಸ್ಕಾರ. ಆಗಲೇ ಫೋನಿನಲ್ಲಿ ಹೇಳಿದಂತೆ ಆರು ವರ್ಷದ ಮಗಳನ್ನು ಇವತ್ತು ಬೆಳಿಗ್ಗೆ ಡೆಂಗಿ ಎಂದು ಹಾಸನದಲ್ಲಿ ಅಡ್ಮಿಟ್ ಮಾಡಿದ್ದೇವೆ. ಜ್ವರ ಬಿಟ್ಟ ಮೇಲೂ ಎರಡು ದಿನ ವಾರ್ಡಿನಲ್ಲೇ ಇರಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಮಕ್ಕಳ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಪಾಸ್, ರಾತ್ರಿ ತಾಯಿಯೇ ಇರಬೇಕು. ಮನೆಯವರು ಊರಿನಲ್ಲಿ ದೊಡ್ಡ ಮಗನನ್ನು ನೋಡಿಕೊಳ್ಳುತ್ತಿದ್ದಾರೆ. 7 ಸೋಮವಾರದಿಂದ 12 ಶನಿವಾರದವರೆಗೆ ಆರು ದಿನ ರಜೆ ಮಂಜೂರು ಮಾಡಿಕೊಡಿ ಸರ್. ನಾಲ್ಕು ಸಿಎಲ್ ಇದೆ, ಉಳಿದ ಎರಡು ದಿನ ಇಎಲ್‌ನಲ್ಲಿ ಹಾಕಿಕೊಳ್ಳಬಹುದು. 14 ಸೋಮವಾರ ಬರುತ್ತೇನೆ. ದಿನಾ ಮಧ್ಯಾಹ್ನ ಒಂದೂವರೆಯೊಳಗೆ ಒಂದು ಮೆಸೇಜ್ ಕಳಿಸುತ್ತೇನೆ. ಈ ವಾರದ ಕೆಲಸ ಯಾರು ನೋಡಿಕೊಳ್ಳಬಹುದು ಎಂದು ಬೇರೆ ಮೆಸೇಜಿನಲ್ಲಿ ಬರೆಯುತ್ತಿದ್ದೇನೆ."

ರಜೆ ಯಾವ ಲೆಕ್ಕಕ್ಕೆ ಎನ್ನುವುದನ್ನು ನಾವೇ ಬರೆಯಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆಯಿದೆ. ಅದು ನಮ್ಮ ಸ್ವಂತ ಕಾಯಿಲೆಗೆ ಮಾತ್ರವಲ್ಲ, ಬೇರೆ ಸಮಂಜಸ ಕಾರಣಕ್ಕೂ ಸಿಗುತ್ತದೆ. ಮಗು ಆಸ್ಪತ್ರೆಯಲ್ಲಿರುವುದಕ್ಕಿಂತ ಸಮಂಜಸ ಕಾರಣ ಬೇರೆ ಬೇಕಿಲ್ಲ. ಇಎಸ್‌ಐ ವಿಷಯದಲ್ಲಿ ಸಹೋದ್ಯೋಗಿಗಳ ಸಲಹೆ ಕೇಳಿ ಮೋಸಹೋಗಬಾರದು. ಇಎಸ್‌ಐ ಇದ್ದವರ ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ, ಆದರೆ ಕಾಯಿಲೆ ರಜೆಯ ಹಣ ಸಿಗುವುದು ನೌಕರರೇ ಕಾಯಿಲೆ ಬಿದ್ದಾಗ ಮಾತ್ರ. ಮಗುವಿನ ಬದಲು ತಮಗೇ ಜ್ವರ ಎಂದು ಬರೆಸಿಕೊಂಡವರ ಹತ್ತಿರ ಕೊನೆಗೆ ಉಳಿಯುವ ಕಾಗದ ಮಗುವಿನ ಡಿಸ್ಚಾರ್ಜ್ ಸಮ್ಮರಿ. ಎರಡೂ ತಾಳೆಯಾಗುವುದಿಲ್ಲ.

ಕೆಲಸ ಒಪ್ಪಿಸುವ ಮೆಸೇಜ್ ಬೇರೆ ಇರಬೇಕು, ಏಕೆಂದರೆ ಅದನ್ನು ಮ್ಯಾನೇಜರ್ ಹಾಗೇ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುತ್ತಾರೆ. ಮಗುವಿನ ಕಾಯಿಲೆಯ ವಿಷಯ ಅದರೊಂದಿಗೆ ಊರೆಲ್ಲ ಸುತ್ತಬೇಕಾಗಿಲ್ಲ. ಅದರಲ್ಲಿ ನಾವು ಮಾಡುವ ಎಲ್ಲ ಕೆಲಸದ ಪಟ್ಟಿ ಬೇಡ, ಆ ಆರು ದಿನದಲ್ಲಿ ತಪ್ಪಿದರೆ ದಂಡ ಬೀಳುವುದು ಅಥವಾ ಲಾರಿ ನಿಲ್ಲುವುದು ಯಾವುದೋ ಅದಿಷ್ಟೇ ಸಾಕು. ಈ ವಾರದಲ್ಲಿ ಅವು ಎರಡಿದ್ದವು. 11ನೇ ತಾರೀಕಿಗೆ ಹಿಂದಿನ ತಿಂಗಳ ಮಾರಾಟದ ಜಿಎಸ್‌ಟಿ ವಿವರ, ಅಂದರೆ ಜಿಎಸ್‌ಟಿಆರ್-1 ಸಲ್ಲಿಸಬೇಕು. ಲೋಡ್ ಹೊರಟಾಗಲೆಲ್ಲ ಸರಕಿನ ಜೊತೆ ಹೋಗಬೇಕಾದ ಇ-ವೇ ಬಿಲ್ ಆಗಬೇಕು. ಪಿಎಫ್ ಕಟ್ಟಲು 15ರವರೆಗೆ ಸಮಯವಿದೆ, ಅದು ವಾಪಸ್ ಬಂದ ಮೇಲಿನ ಕೆಲಸ, ಹಾಗಾಗಿ ಬರೆಯಲೇ ಇಲ್ಲ.

ಇಲ್ಲಿ ಎಡವುವುದು ಪಾಸ್‌ವರ್ಡಿನಲ್ಲಲ್ಲ, ಒಟಿಪಿಯಲ್ಲಿ. ಪಾಸ್‌ವರ್ಡ್ ಕೊಟ್ಟು ಬಂದರೂ ಇ-ವೇ ಬಿಲ್ ಪೋರ್ಟಲ್ಲಿಗೆ ಲಾಗಿನ್ ಆಗುವಾಗ ಒಟಿಪಿ ಬರುವುದು ನೋಂದಾಯಿಸಿದ ಮೊಬೈಲಿಗೆ. ಆ ಮೊಬೈಲ್ ನಮ್ಮದೇ ಆಗಿದ್ದರೆ, ಮಗುವಿಗೆ ಓಆರ್‌ಎಸ್ ಕುಡಿಸುತ್ತಿರುವಾಗ "ಮೇಡಂ ಒಟಿಪಿ ಹೇಳಿ, ಲಾರಿ ನಿಂತಿದೆ" ಎಂದು ಫೋನ್ ಬರುತ್ತದೆ. ವಾರ್ಡಿನೊಳಗೆ ಸಿಗ್ನಲ್ ಇಲ್ಲದೆ ಒಟಿಪಿಯ ಅವಧಿ ಮುಗಿದರೆ ಮತ್ತೆ ಮೊದಲಿನಿಂದ. ಪೋರ್ಟಲ್ಲಿನಲ್ಲಿ ಸಬ್ ಯೂಸರ್ ಮಾಡುವ ಅವಕಾಶವಿದೆ, ಅವರಿಗೆ ಅವರದೇ ಮೊಬೈಲಿಗೆ ಒಟಿಪಿ ಹೋಗುತ್ತದೆ. ಇದನ್ನು ಮೊದಲ ದಿನವೇ, ಮಗು ಮಲಗಿರುವ ಹೊತ್ತು ನೋಡಿ, ಆಫೀಸಿನವರ ಜೊತೆ ಫೋನಿನಲ್ಲಿದ್ದುಕೊಂಡು ಮಾಡಿಸಿಬಿಡಬೇಕು. ಜಿಎಸ್‌ಟಿಆರ್-1ರ ಒಟಿಪಿ ಸಹಿ ಹಾಕುವ ಅಧಿಕಾರ ಇರುವವರಿಗೆ, ಅಂದರೆ ಸಾಮಾನ್ಯವಾಗಿ ಮಾಲೀಕರಿಗೇ ಹೋಗುತ್ತದೆ. 11ರಂದು ಅವರು ಊರಿನಲ್ಲಿರುತ್ತಾರಾ ಎಂದು ಕೇಳಿಟ್ಟುಕೊಂಡರೆ ಸಾಕು.

ಇನ್ನು ದಿನದ ಮೆಸೇಜ್. ಮಧ್ಯಾಹ್ನ ಒಂದೂವರೆ ಎಂದು ಗೊತ್ತು ಮಾಡಿದ್ದಕ್ಕೆ ಕಾರಣವಿದೆ. ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋಗುತ್ತಾರೆ, ರೌಂಡ್ಸ್ ಮುಗಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಕಳಿಸುವ ಮೆಸೇಜಿನಲ್ಲಿ ಹೊಸದೇನೂ ಇರುವುದಿಲ್ಲ, ಸಂಜೆ ಕಳಿಸಿದರೆ ಮರುದಿನದ ಕೆಲಸ ಹಂಚುವ ಹೊತ್ತು ಮೀರಿರುತ್ತದೆ. ದಿನಕ್ಕೊಂದು ಎಂದರೆ ಒಂದೇ. ಗಂಟೆಗೊಂದು ಕಳಿಸುವುದಾಗಿ ಒಪ್ಪಿಕೊಂಡು ಒಂದು ತಪ್ಪಿದರೂ, ಹೇಳದಿದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮೂರು ವಿಷಯ ಇರಬೇಕು: ಮಗು ಹೇಗಿದೆ, ಡಾಕ್ಟರ್ ಮುಂದೇನು ಎಂದಿದ್ದಾರೆ, ನಾನು ಬರುವ ತಾರೀಕು ಅದೇನಾ ಬದಲಾಗಿದೆಯಾ. ಮ್ಯಾನೇಜರ್‌ಗೆ ಎಲ್ಲಕ್ಕಿಂತ ಬೇಕಾದದ್ದು ಮೂರನೆಯದು, ಬರೆಯುವವರು ಮರೆಯುವುದೂ ಅದನ್ನೇ.

ಪ್ಲೇಟ್‌ಲೆಟ್ ಸಂಖ್ಯೆ ಬರೆಯಬಾರದು, ರಿಪೋರ್ಟಿನ ಫೋಟೋ ಅಂತೂ ಬೇಡ. ಮಗು ಲವಲವಿಕೆಯಿಂದ ಕೂತು ಇಡ್ಲಿ ತಿನ್ನುತ್ತಿದ್ದರೂ ಸಂಖ್ಯೆ ಇನ್ನೂ ಇಳಿಯುತ್ತಿರಬಹುದು. ನಿನ್ನೆ 90 ಸಾವಿರ, ಇವತ್ತು 62 ಸಾವಿರ ಎಂದು ಓದಿದವರು ಗಾಬರಿಯಾಗಿ ರಕ್ತ ಕೊಡುವವರನ್ನು ಹುಡುಕಲು ಹೊರಡುತ್ತಾರೆ, ಇನ್ನರ್ಧ ಜನ ಪಪ್ಪಾಯಿ ಎಲೆ ರಸದ ಫೋಟೋ ಕಳಿಸುತ್ತಾರೆ. ಡಾಕ್ಟರು ನೋಡುವುದು ಅದೊಂದನ್ನೇ ಅಲ್ಲ. ರಕ್ತ ಎಷ್ಟು ದಪ್ಪವಾಗಿದೆ ಎಂದು ತೋರಿಸುವ ಪಿಸಿವಿ, ಬಿಪಿ, ಮಗು ಎಷ್ಟು ಮೂತ್ರ ಮಾಡಿತು, ಹೊಟ್ಟೆನೋವು, ವಾಂತಿ, ಮಂಪರು ಇದೆಯಾ, ಕೈಕಾಲು ತಣ್ಣಗಿದೆಯಾ, ಎಲ್ಲವೂ ಅವರ ಲೆಕ್ಕದಲ್ಲಿರುತ್ತದೆ. ಎಷ್ಟು ಕುಡಿಯಿತು, ಎಷ್ಟು ಮೂತ್ರ ಮಾಡಿತು ಎಂದು ಹೊತ್ತು ಸಮೇತ ಬರೆದಿಡುವುದು ಜೊತೆಗಿರುವವರ ಕೆಲಸ. "ಪಕ್ಕದಲ್ಲಿ ಸುಮ್ಮನೆ ಕೂತಿರುವುದಲ್ಲವಾ, ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗು" ಎನ್ನುವವರಿಗೆ ಕೊಡಬೇಕಾದ ಉತ್ತರವೂ ಇದೇ.

ಗುರುವಾರ ಬೆಳಿಗ್ಗೆ ಜ್ವರ ಬಿಟ್ಟಿತು. ಆವತ್ತಿನ ಮೆಸೇಜ್ ಅಳೆದು ತೂಗಿ ಬರೆಯಬೇಕಾದದ್ದು. "ಜ್ವರ ಇಲ್ಲ ಸರ್" ಎಂದಷ್ಟೇ ಕಳಿಸಿದರೆ ಶುಕ್ರವಾರ ಬರುವಿಯಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರೆದದ್ದು ಹೀಗೆ: "ಸರ್, ಇವತ್ತು ಬೆಳಿಗ್ಗೆಯಿಂದ ಜ್ವರ ಇಲ್ಲ, ಸ್ವಲ್ಪ ಊಟ ಮಾಡಿದ್ದಾಳೆ. ಸೋಮವಾರ ಹೇಳಿದ್ದ ಎರಡು ದಿನದ ನಿಗಾ ಇವತ್ತಿನಿಂದ ಶುರು, ಡ್ರಿಪ್ ಮುಂದುವರಿದಿದೆ. ಎಲ್ಲ ಸರಿಯಿದ್ದರೆ ಶನಿವಾರ ಡಿಸ್ಚಾರ್ಜ್. 14ಕ್ಕೆ ಬರುವುದರಲ್ಲಿ ಬದಲಾವಣೆ ಇಲ್ಲ. ನಾಳೆ ಜಿಎಸ್‌ಟಿಆರ್-1 ಇದೆ, ಇನ್‌ವಾಯ್ಸ್ ಪಟ್ಟಿ ಡೆಸ್ಕ್‌ಟಾಪಿನ ಜುಲೈ ಫೋಲ್ಡರಿನಲ್ಲಿದೆ."

ರಜೆ ಮುಂದುವರಿಸುವ ಸಂದರ್ಭ ಬಂದರೆ ಅದನ್ನು ಹೇಳಬೇಕಾದ ದಿನವೂ ಗುರುವಾರವೇ, ಶನಿವಾರ ರಾತ್ರಿಯಲ್ಲ. ಗುರುವಾರವೂ ಜ್ವರ ಇಳಿಯದಿದ್ದರೆ ಅಥವಾ ಮಗುವನ್ನು ಐಸಿಯುಗೆ ಹಾಕಿದರೆ ಸೋಮವಾರದ ಲೆಕ್ಕ ಆಗಲೇ ಕೈಬಿಟ್ಟಂತೆ. "14 ಕಷ್ಟ, 16ರ ಒಳಗೆ ಹೇಳುತ್ತೇನೆ" ಎನ್ನುವ ಬದಲು "16ರವರೆಗೆ ಬೇಕಾಗುತ್ತದೆ, ಶನಿವಾರದ ಮೆಸೇಜಿನಲ್ಲಿ ಖಚಿತಪಡಿಸುತ್ತೇನೆ" ಎಂದರೆ ಅವರಿಗೆ ಬರೆದುಕೊಳ್ಳಲು ಒಂದು ತಾರೀಕು ಸಿಗುತ್ತದೆ.

ಕಾಗದಪತ್ರ ಎರಡು ಬೇಕು. ಮೊದಲ ದಿನ ಅಡ್ಮಿಷನ್ ಚೀಟಿಯ ಫೋಟೋ, ಬಿಡುವ ದಿನ ಡಿಸ್ಚಾರ್ಜ್ ಸಮ್ಮರಿಯ ಪ್ರತಿ. ಸಮ್ಮರಿಯಲ್ಲಿ ಸೇರಿದ ಮತ್ತು ಬಿಟ್ಟ ತಾರೀಕು ಇರುತ್ತದೆ, ಆದರೆ ಜೊತೆಗಿದ್ದವರು ಯಾರು ಎಂದು ಇರುವುದಿಲ್ಲ. ನಿಮ್ಮ ಕಚೇರಿಯಲ್ಲಿ ಅದನ್ನು ಕೇಳುವ ಪದ್ಧತಿ ಇದ್ದರೆ, ತಾಯಿ ಜೊತೆಗಿದ್ದರು ಎಂದು ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಬರೆಸಿ ಸಹಿ, ಸೀಲು ಹಾಕಿಸಿಕೊಳ್ಳುವುದು ಬಿಲ್ಲು ಕಟ್ಟುವ ಮೊದಲೇ ಆಗಬೇಕು. ಆಮೇಲೆ ಫೈಲು ರೆಕಾರ್ಡ್ ರೂಮಿಗೆ ಹೋದರೆ ಡ್ಯೂಟಿ ಡಾಕ್ಟರೂ ಬದಲಾಗಿರುತ್ತಾರೆ, ಹಾಸನಕ್ಕೆ ಇನ್ನೊಂದು ಓಡಾಟ. ಸಮ್ಮರಿಯ ಕೊನೆಯಲ್ಲಿ ಮತ್ತೆ ತೋರಿಸಬೇಕಾದ ತಾರೀಕು ಬರೆದಿರುತ್ತಾರೆ. ಆ ಅರ್ಧ ದಿನದ ಅನುಮತಿಯನ್ನೂ ಶನಿವಾರದ ಕೊನೆಯ ಮೆಸೇಜಿನಲ್ಲೇ ಕೇಳಿಬಿಟ್ಟರೆ, ಸೋಮವಾರ ಬಂದು ಕೂತ ಕೂಡಲೇ ಮತ್ತೆ ರಜೆ ಚೀಟಿ ಹಿಡಿದು ಚೇಂಬರಿಗೆ ಹೋಗಬೇಕಾಗುವುದಿಲ್ಲ.