ಕೆರೆ ಕೆಲಸಕ್ಕೆ ಮೂರು ತಿಂಗಳು ಹೆಚ್ಚು ಅವಧಿ ಕೇಳಿದ್ದು: ನನ್ನ ಅನುಭವ

ಅವಧಿ ವಿಸ್ತರಣೆ ಕೇಳಿದರೆ ಮುಂದಿನ ವರ್ಷ ಅನುದಾನವೇ ಸಿಗಲ್ಲ ಅಂತ ನಮ್ಮ ಜೊತೆಯ ಸಂಸ್ಥೆಗಳವರು ಬಹಳ ಜನ ಹೇಳಿದ್ದರು. ಮಾರ್ಚ್ ಒಳಗೆ ಹೇಗಾದರೂ ಬಿಲ್ ಹಾಕಿ, ಹಣ ಬಳಸಿದ್ದೇವೆ ಅನ್ನೋ ಪ್ರಮಾಣಪತ್ರ, ಅಂದರೆ ಯುಸಿ, ಕೊಟ್ಟುಬಿಡಿ, ಕೆಲಸ ಆಮೇಲೆ ಮಾಡಿಕೊಳ್ಳಿ ಅನ್ನೋದು ಅವರ ಸಲಹೆ. ನಾನು ಹಾಗೆ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಕೇಳಿದೆ, ಸಿಕ್ಕಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಕೆರೆಯ ಕೆಲಸ. ಒಂದು ಕಂಪನಿ ಸಮಾಜದ ಕೆಲಸಕ್ಕೆ ಕೊಡೋ ಸಿಎಸ್‌ಆರ್ ಹಣ, ಒಟ್ಟು 14 ಲಕ್ಷದ ಆಸುಪಾಸು. 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಒಪ್ಪಂದ. ಹೂಳೆತ್ತೋದು, ರಾಜಕಾಲುವೆ ಬಿಡಿಸೋದು, ಕಟ್ಟೆಗೆ ಕಲ್ಲು ಹೊದಿಸೋದು. ಶುರುವಾಗುತ್ತಲೇ ಲಾಕ್‌ಡೌನ್ ಬಂತು, ಬೇಸಿಗೆ ಕೈತಪ್ಪಿತು. ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆ ನಿಮಗೆಲ್ಲ ನೆನಪಿರಬೇಕು. ಎಷ್ಟೋ ವರ್ಷದಿಂದ ತುಂಬದ ಕೆರೆಗಳೂ ಕೋಡಿ ಬಿದ್ದವು. ನಮ್ಮದೂ ಬಿತ್ತು. ಊರವರು ಬಾಗಿನ ಕೊಟ್ಟರು, ನಾನೂ ಹೋಗಿದ್ದೆ. ಆದರೆ ನೀರು ನಿಂತ ಕೆರೆಗೆ ಜೆಸಿಬಿ ಇಳಿಸೋಕೆ ಆಗುತ್ತಾ? ಡಿಸೆಂಬರ್ ಹೊತ್ತಿಗೆ ಖರ್ಚಾಗಿದ್ದು ಸುಮಾರು 5 ಲಕ್ಷ. ಮಿಕ್ಕ 9 ಲಕ್ಷ ಬ್ಯಾಂಕಿನಲ್ಲಿತ್ತು.

ಇದಕ್ಕೂ ಹಿಂದೆ ಬೇರೆ ಒಬ್ಬ ದಾನಿ ಹತ್ತಿರ ನಾವು ಅವಧಿ ಕೇಳಿದ್ದು ಬಿದ್ದುಹೋಗಿತ್ತು. ಪತ್ರ ಹೋಗಿದ್ದು ಮಾರ್ಚ್ ಮಧ್ಯದಲ್ಲಿ. 'ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದೆ, ಆರು ತಿಂಗಳು ಕೊಡಬೇಕು' ಅಂತ ಅರ್ಧ ಪುಟ. ಉತ್ತರ ಒಂದೇ ಸಾಲು: ಉಳಿದ ಹಣ ವಾಪಸ್ ಮಾಡಿ. ನಾಲ್ಕು ಲಕ್ಷದ ಹತ್ತಿರ ಹಿಂದಿರುಗಿಸಿದೆವು. ಅರ್ಧ ಆಗಿದ್ದ ಕೆಲಸ ಮುಗಿಸೋಕೆ ಸಂಸ್ಥೆಯ ಸ್ವಂತ ದುಡ್ಡು ಹೋಯಿತು, ಇಬ್ಬರ ಸಂಬಳ ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳು ಅವರ ಮುಖ ನೋಡೋದು ನನಗೆ ಕಷ್ಟವಾಗಿತ್ತು.

ಈ ಸಲ ಮೊದಲು ನೋಡಿದ್ದು ದಾನಿ ಕಡೆಯ ಕಷ್ಟವನ್ನು. ಸಿಎಸ್‌ಆರ್ ಹಣವನ್ನು ನಮಗೆ ಕೊಟ್ಟ ಮಾತ್ರಕ್ಕೆ ಅವರ ಲೆಕ್ಕದಲ್ಲಿ ಖರ್ಚಾದಂತಲ್ಲ, ನಾವು ಬಳಸಿದಾಗಲೇ ಖರ್ಚು. 2021ರ ಆಗಸ್ಟ್‌ನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನು ಬಿಡಿಸಿ ಹೇಳಿತ್ತು. ಒಂದು ವರ್ಷದ ಯೋಜನೆಯಲ್ಲಿ ಹಣ ಉಳಿದರೆ ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಹೋಗಬೇಕು. ಆದರೆ ತಕ್ಕ ಕಾರಣ ನೋಡಿ ಅವರ ಬೋರ್ಡ್ ಅವಧಿ ವಿಸ್ತರಿಸಿದರೆ ಅದು ಮುಂದುವರಿಯುವ ಯೋಜನೆ ಆಗುತ್ತೆ. ಆಗ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮೂರು ಆರ್ಥಿಕ ವರ್ಷದೊಳಗೆ ಖರ್ಚು ಮಾಡಬಹುದು. ಅಂದರೆ ನಮ್ಮ ಪತ್ರ ಓದಿ ಸಿಎಸ್‌ಆರ್ ಅಧಿಕಾರಿಗೆ ಪಾಪ ಅನ್ನಿಸಿದರೆ ಸಾಲದು. ಅವರು ಅದನ್ನು ಬೋರ್ಡ್ ಮುಂದೆ ಇಡೋ ಹಾಗಿರಬೇಕು, ಅದೂ ಮಾರ್ಚ್‌ಗೆ ಮುಂಚೆ. ನಾನು ಮೊದಲು ಫೋನ್ ಮಾಡಿ ಕೇಳಿದ್ದು ಒಂದೇ: 'ಮೇಡಂ, ನಿಮ್ಮ ಮುಂದಿನ ಬೋರ್ಡ್ ಮೀಟಿಂಗ್ ಯಾವಾಗ?' ಫೆಬ್ರವರಿ ಮೊದಲ ವಾರ ಅಂದರು. ಜನವರಿ ಶುರುವಿನಲ್ಲೇ ಪತ್ರ ಕಳಿಸಿದೆ.

ಮಳೆ, ಲಾಕ್‌ಡೌನ್ ಬರೆಯೋದು ಸುಲಭ. ಮೂರನೇ ಕಾರಣದ ಬಗ್ಗೆ ನಮ್ಮ ಕಮಿಟಿಯಲ್ಲಿ ಜಗಳವೇ ಆಯಿತು. ನಮ್ಮ ಫೀಲ್ಡ್ ಎಂಜಿನಿಯರ್ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋದರು, ಬೇರೆಯವರು ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ. ರಾಜಕಾಲುವೆಯ ಅಳತೆ ಅದರಿಂದಲೇ ನಿಂತಿತ್ತು. ಇದನ್ನು ಬರೆಯಬೇಡಿ ಅಂತ ಕಮಿಟಿಯವರು ಅಂದರು. ಬರೆದೆ. ಮಳೆ ಬಿದ್ದಿದ್ದು ನವೆಂಬರ್‌ನಲ್ಲಿ, ಹಾಗಾದರೆ ಸೆಪ್ಟೆಂಬರ್‌ನಲ್ಲಿ ಏನು ಮಾಡ್ತಿದ್ರಿ ಅಂತ ಯಾರಾದರೂ ಕೇಳೇ ಕೇಳ್ತಾರೆ. ಒಂದೊಂದು ಕಾರಣದ ಪಕ್ಕದಲ್ಲಿ ಎಷ್ಟು ವಾರ ಹೋಯಿತು, ಯಾವ ಕೆಲಸ ನಿಂತಿತು, ಈಗ ಆ ಅಡ್ಡಿ ಇದೆಯಾ ಇಲ್ಲವಾ ಅಂತ ಮೂರು ಮಾತು ಹಾಕಿದೆ.

ನಿಜವಾದ ಕಷ್ಟ ಇದ್ದದ್ದು ಹೊಸ ದಿನಾಂಕ ಹೇಳೋದರಲ್ಲಿ. ಕೆರೆ ಯಾವಾಗ ಬರಿದಾಗುತ್ತೆ ಅಂತ ಹೇಗೆ ಹೇಳೋದು? ಕೆರೆ ನೀರು ಬಿಡೋ ನೀರುಗಂಟಿ ಹತ್ತಿರ ಕೂತು ಕೇಳಿದೆ. 'ತೂಬು ಎತ್ತಿದ್ರೆ ಯುಗಾದಿ ಹೊತ್ತಿಗೆ ಮೇಲ್ಗಡೆ ಕಾಲಿಡಬಹುದು ಸಾರ್, ಕಟ್ಟೆ ಹತ್ರ ಮಾತ್ರ ಆಗಲ್ಲ' ಅಂದರು. ಅದನ್ನೇ ಬರೆದರೆ ಬೋರ್ಡ್ ಒಪ್ಪಲ್ಲ. ತೂಬಿನ ಕಲ್ಲುಕಂಬದ ಮೇಲೆ ಬಿಳಿ ಬಣ್ಣದಲ್ಲಿ ಅಡಿ, ಅರ್ಧ ಅಡಿ ಗೆರೆ ಎಳೆಸಿದೆ. ಪ್ರತಿ ಸೋಮವಾರ ಅದೇ ಜಾಗದಿಂದ ಒಂದು ಫೋಟೊ. ಅಚ್ಚುಕಟ್ಟಿಗೆ ನೀರು ಬಿಟ್ಟ ಮೇಲೆ ವಾರಕ್ಕೆ ಹೆಚ್ಚುಕಡಿಮೆ ಒಂದು ಗೇಣು ಇಳಿಯುತ್ತಿತ್ತು. ಆ ಲೆಕ್ಕ ಹಿಡಿದರೆ ಮೇಲಂಗಳ ತೆರೆದುಕೊಳ್ಳೋದು ಮಾರ್ಚ್ ಕೊನೆಗೆ. ನೀರುಗಂಟಿಯ ಮಾತೂ ಬಣ್ಣದ ಗೆರೆಯೂ ಒಂದೇ ಹೇಳಿದವು! ಈ ಫೋಟೊಗಳನ್ನೇ ಪತ್ರದ ಜೊತೆ ಇಟ್ಟೆ. ನಮ್ಮ ಕಡೆ ಇನ್ಯಾರೂ ಹೀಗೆ ಮಾಡಿದ್ದು ನಾನು ನೋಡಿಲ್ಲ.

ಹಾಗಾಗಿ ಹೊಸ ಪಟ್ಟಿ ಹೀಗಾಯಿತು. ಜನವರಿ, ಫೆಬ್ರವರಿಯಲ್ಲಿ ನೀರಿದ್ದರೂ ಆಗುವ ಕೆಲಸ: ಒಂದೂವರೆ ಕಿಲೋಮೀಟರ್ ರಾಜಕಾಲುವೆಯಲ್ಲಿ ಜಾಲಿ, ಲಂಟಾನ ಕಿತ್ತು ಹೂಳು ತೆಗೆಯೋದು, ಕೋಡಿ ರಿಪೇರಿ. ಯುಗಾದಿ ಕಳೆದ ಸೋಮವಾರದಿಂದ ಮೇಲಂಗಳದ ಹೂಳು. ಮೇ 15ಕ್ಕೆ ಹೂಳೆತ್ತೋದು ಬಂದ್, ಎಷ್ಟಾಗಿದ್ದರೂ ಸರಿ. ಜೂನ್‌ನಲ್ಲಿ ಕಟ್ಟೆ ಕಲ್ಲು, ಗಿಡ. ಜೂನ್ 30ಕ್ಕೆ ಮುಕ್ತಾಯ. ಕಟ್ಟೆ ಬುಡದ ಹೂಳು ಈ ಯೋಜನೆಯಲ್ಲಿ ಆಗಲ್ಲ ಅಂತ ಸ್ಪಷ್ಟವಾಗಿ ಬರೆದೆ. ಏಪ್ರಿಲ್ 15ಕ್ಕೂ ನೀರು ಇಳಿಯದಿದ್ದರೆ ಹೂಳಿನ ಬಾಬ್ತಿನ ಹಣ ಪೂರ್ತಿ ವಾಪಸ್ ಅಂತಲೂ ಬರೆದೆ. ಆ ಒಂದು ಸಾಲೇ ಬೋರ್ಡಿಗೆ ಧೈರ್ಯ ಕೊಟ್ಟಿತು ಅಂತ ಮೇಡಂ ಆಮೇಲೆ ಹೇಳಿದರು.

ಹೆಚ್ಚಿನ ಹಣ ಬೇಡ ಅಂತ ಬರೆದರೂ ಮೂರು ತಿಂಗಳ ಸಂಬಳ ಎಲ್ಲಿಂದ ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಬಹಳ ಪತ್ರಗಳು ಬೀಳೋದು ಇಲ್ಲೇ. ಇಬ್ಬರಿಗೆ ಸೇರಿ ಸುಮಾರು 1 ಲಕ್ಷ 20 ಸಾವಿರ ಬೇಕಿತ್ತು. ಲಾಕ್‌ಡೌನ್‌ನಿಂದ ನಡೆಯದ ತರಬೇತಿ, ಓಡಾಟದ ಬಾಬ್ತಿನಲ್ಲಿ ಅಷ್ಟೇ ಉಳಿದಿತ್ತು. ಹಳೆ ಬಜೆಟ್, ಖರ್ಚು, ಹೊಸ ಬಜೆಟ್ ಮೂರನ್ನೂ ಅಕ್ಕಪಕ್ಕ ಇಟ್ಟು, ಈ ಬದಲಾವಣೆಗೆ ಬೇರೆಯಾಗಿ ಅನುಮತಿ ಕೇಳಿದೆ. ಹೂಳು ಸಾಗಿಸೋ ಟ್ರ್ಯಾಕ್ಟರ್ ಖರ್ಚು ರೈತರದ್ದೇ, ಅದಕ್ಕೆ ಅವರ ಸಹಿ ಇದ್ದ ಪಟ್ಟಿ ಲಗತ್ತಿಸಿದೆ. ಪತ್ರ ಎರಡೇ ಪುಟ. ಅದರ ಮೊದಲ ಪ್ಯಾರಾ ನಾನು ಹೇಗೆ ಬರೆಯುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಫೆಬ್ರವರಿ ಎರಡನೇ ವಾರ ಒಪ್ಪಿಗೆ ಬಂತು. ಫೋನಿನಲ್ಲಿ ಹೇಳಿದ್ದು ಸಾಲದು ಅಂತ, ಒಪ್ಪಂದಕ್ಕೆ ತಿದ್ದುಪಡಿ ಬರೆಸಿ ಸಹಿ ಆಗೋವರೆಗೆ ಜೆಸಿಬಿಯವರಿಗೆ ಮುಂಗಡ ಕೊಡಲಿಲ್ಲ.

ಹೂಳು ಹೊಡೆಸಿದ ರಾಗಿ ಹೊಲ, ಹೊಡೆಸದ ಹೊಲ ಎರಡನ್ನೂ ಪಕ್ಕಪಕ್ಕ ನೋಡೋ ಆಸೆ ಇತ್ತು. ಇಬ್ಬರು ರೈತರು ಅರ್ಧರ್ಧ ಎಕರೆ ಬಿಟ್ಟುಕೊಟ್ಟರು. ಮಳೆ ನಿಂತಾಗ ಹೂಳಿನ ಕಡೆಯ ಪೈರು ತಡವಾಗಿ ಬಾಡಿದ್ದು ಕಣ್ಣಿಗೇ ಕಂಡಿತು, ಇಳುವರಿ ತೂಕ ಮಾತ್ರ ಸರಿಯಾಗಿ ಹಿಡಿಯೋಕೆ ಆಗಲಿಲ್ಲ.

2022ರ ಮೇ ಮಧ್ಯದಲ್ಲಿ ಮತ್ತೆ ದೊಡ್ಡ ಮಳೆ ಬಂತು. ಅಷ್ಟರಲ್ಲಿ ಅಂದುಕೊಂಡ ಹೂಳಿನಲ್ಲಿ ಮುಕ್ಕಾಲು ಪಾಲು ಎದ್ದಿತ್ತು, ಜೆಸಿಬಿಗಳು ಆಚೆ ಬಂದಿದ್ದವು. ಪಕ್ಕದ ಊರಿನಲ್ಲಿ ನಿಲ್ಲಿಸೋ ದಿನಾಂಕ ಇಲ್ಲದೆ ನಡೆಸುತ್ತಿದ್ದ ಕೆಲಸದಲ್ಲಿ ಗಾಡಿ ಕೆಸರಲ್ಲಿ ಹೂತು, ಎಳೆಸೋಕೇ ಮೂರು ದಿನದ ಬಾಡಿಗೆ ಹೋಯಿತಂತೆ. ನಾವು ಉಳಿದ ಸುಮಾರು 70 ಸಾವಿರವನ್ನು ಜುಲೈನಲ್ಲಿ ಯುಸಿ ಜೊತೆ ವಾಪಸ್ ಕೊಟ್ಟೆವು. ಅದೇ ದಾನಿ ಮುಂದಿನ ವರ್ಷ ಇನ್ನೊಂದು ಕೆರೆ ಕೊಟ್ಟರು. ಆ ಒಪ್ಪಂದದಲ್ಲಿ ಮೇ 15ರ ದಿನಾಂಕವನ್ನು ಅವರೇ ಸೇರಿಸಿ ಕಳಿಸಿದ್ದರು.